ಸಂಗಪ್ಪ, ಸಂಗಣ್ಣ, ಸಂಗವ್ವ, ಮತ್ತೊಬ್ಬ ಸಂಗಪ್ಪ

ನಾನು ಕಾದಂಬರಿ ಬರೆಯಲಿಕ್ಕೆ ಕೂತದ್ದು ಮಾಸ್ತರಿಕಿ ಮುಗಿದ ಮೇಲೆ. ಬಾಗಲಕೋಟೆ ನವನಗರದ ಮನೆಯ ಪಡಸಾಲೆಯಲ್ಲಿ, ನನ್ನ ಯಜಮಾನರ ತಾಯಿ, ನಮ್ಮ ಅತ್ತಿಯವರ ಮಂಚದ ಎದುರಿಗೆ ನನ್ನ ಮೇಜು. ಅವರಿಗೆ ಎಂಬತ್ತು ದಾಟಿದೆ, ಕಣ್ಣು ಮಂಜಾಗಿವೆ, ಕಿವಿ ಮಾತ್ರ ನನಗಿಂತ ಚುರುಕು. ಬರೆದದ್ದನ್ನು ದಿನಾ ಸಂಜೆ ಅವರಿಗೆ ಓದಿ ಹೇಳಬೇಕು. ಓದದಿದ್ದರೆ ಚಹಾ ಕುಡಿಯದೆ ಮುಖ ತಿರುಗಿಸಿ ಮಲಗುವಾಕೆ ಅವರು. ನನಗೂ ಓದದಿದ್ದರೆ ಸಮಾಧಾನವಿಲ್ಲ, ಆದರೆ ಅದನ್ನು ಅವರ ಮುಂದೆ ಒಪ್ಪಿಕೊಂಡವಳಲ್ಲ.

ಕಥೆ ಹಳೇ ಬಾಗಲಕೋಟೆಯ ಒಂದು ಮನೆತನದ್ದು. ಅಲ್ಲಿಯ ಓಣಿಗಳು ಅಣೆಕಟ್ಟಿನ ಹಿನ್ನೀರಿನೊಳಗೆ ಹೋದವು, ಅದು ಎಲ್ಲರಿಗೂ ಗೊತ್ತು. ನನಗೆ ಬೇಕಾಗಿದ್ದು ನೀರು ಬರುವುದಕ್ಕಿಂತ ಭಾಳ ಮೊದಲು ಆ ಮನೆಯಲ್ಲಿ ಬದುಕಿದ ಮಂದಿ. ಮನೆದೇವರು ಸಂಗಮನಾಥ ಅಂತ ಬರೆದೆ. ಹಂಗ ಬರೆದ ಮೇಲೆ ಹೆಸರಿನ ಕೆಲಸ ಮುಗಿದೇ ಹೋಯಿತು ಅಂದುಕೊಂಡೆ. ಮನೆಯ ಹಿರಿಯ ಸಂಗಪ್ಪ, ಅವನ ತಮ್ಮ ಸಂಗಣ್ಣ, ತಂಗಿ ಸಂಗವ್ವ, ಮೊಮ್ಮಗ ಸಣ್ಣ ಸಂಗಪ್ಪ. ನಮ್ಮ ಕಡೆ ಹಂಗೇ ಅಲ್ಲವೇ? ಒಂದೊಂದು ಮನೆಯಲ್ಲಿ ಬಸಪ್ಪ, ಬಸವ್ವ, ಬಸವರಾಜ, ಬಸಲಿಂಗಪ್ಪ ಎಲ್ಲರೂ ಒಂದೇ ಹರಿವಾಣದಲ್ಲಿ ಉಣ್ಣುತ್ತಾರೆ. ನನ್ನ ತರಗತಿಯಲ್ಲಿ ಹಾಜರಿ ಕರೆಯುವಾಗ ಬಸವರಾಜ ಅಂದರೆ ಅರ್ಧ ಬೆಂಚು ಎದ್ದು ನಿಲ್ಲುತ್ತಿತ್ತು. ಹೆಸರು ಬಿಟ್ಟು ಅಡ್ಡಹೆಸರಿನಿಂದ, ಅಂದರೆ ಮನೆತನದ ಹೆಸರಿನಿಂದ ಕರೆಯುವುದು ನನಗೆ ರೂಢಿಯಾಗಿತ್ತು. ಅಂಗಡಿ, ಗಾಣಿಗೇರ, ಮೆಣಸಿನಕಾಯಿ ಅಂತ. ಮೆಣಸಿನಕಾಯಿ ಅಂದಕೂಡಲೇ ಒಬ್ಬ ಸಂಭಾವಿತ ಹುಡುಗ ಎದ್ದು ‘ಹಾಜರ್ ರೀ’ ಅನ್ನುತ್ತಿದ್ದ, ಯಾರೂ ನಗುತ್ತಿರಲಿಲ್ಲ.

ಇದ್ದದ್ದನ್ನು ಇದ್ದಹಾಂಗೆ ಬರೆದರೆ ತಪ್ಪೇನು ಅಂತ ನನ್ನ ಹಟ. ನನ್ನ ಯಜಮಾನರು ಮೊದಲ ಅಧ್ಯಾಯ ಓದಿ, ‘ಯಾರ ಹೆಂಡ್ತಿ ಯಾರಂತ ತಿಳೀವಲ್ದು, ಹಿಂಗಾದ್ರ ಮನಿ ಒಡೀತಾವ’ ಅಂದರು. ‘ನೀವು ಪೇಪರ್ ಓದ್ರಿ, ಅದs ನಿಮಗ ಛಲೋ’ ಅಂದೆ. ಯಾರಾದರೂ ತಿದ್ದಿದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಖರೆ ಅನ್ನಿಸುವುದು ಆಮೇಲೆ. ಮೂವತ್ತು ವರ್ಷ ಮಕ್ಕಳನ್ನು ತಿದ್ದಿದವಳಿಗೆ ತಿದ್ದಿಸಿಕೊಳ್ಳುವುದು ಎಲ್ಲಿ ಒಗ್ಗಬೇಕು?

ಅತ್ತಿ ಮಾತ್ರ ಸಂಗಪ್ಪಗಳ ವಿಷಯಕ್ಕೆ ಏನೂ ಅನ್ನಲಿಲ್ಲ. ಅವರ ತಕರಾರು ಬೇರೆಯೇ. ಸೊಸೆಯ ಪಾತ್ರಕ್ಕೆ ನಾನು ಸುನೀತಾ ಅಂತ ಇಟ್ಟಿದ್ದೆ. ನನಗೆ ಆ ಹೆಸರಿನ ಮೇಲೆ ಚಿಕ್ಕಂದಿನಿಂದ ಜೀವ.

‘ಈ ಸುನೀತಾ ಯಾವ ಊರಾಕಿ?’ ಅಂದರು ಅತ್ತಿ.

‘ಬಾದಾಮಿ ಕಡ್ಯಾಕಿ, ಅತ್ತಿ.’

‘ನಾ ಲಗ್ನಾಗಿ ಬಂದಾಗ ಬಾದಾಮ್ಯಾಗ ಸುನೀತಾ ಎಲ್ಲಿದ್ಳು? ಆಕಿ ಇನ್ನಾ ಹುಟ್ಟೇ ಇರ್ಲಿಲ್ಲ. ನಮ್ಮ ಕಾಲಕ್ಕ ಗೌರವ್ವ, ನೀಲವ್ವ, ಶಂಕ್ರವ್ವ. ಭಾಳ ಓದಿದವ್ರ ಮನ್ಯಾಗ ಒಬ್ಬಾಕಿ ಶಾರದಾ ಇದ್ಳು, ಆಕಿನ್ನ ನೋಡಾಕ ನಾವು ಹೋಗ್ತಿದ್ವಿ.’

ಇದಕ್ಕೆ ಮಾತ್ರ ನಾನು ತಲೆಬಾಗಿದೆ. ಹಾಜರಿ ಕರೆದ ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತಿರಬೇಕು? ನಾನು ನೌಕರಿಗೆ ಸೇರಿದಾಗ ಕ್ಲಾಸಿನ ಹುಡುಗಿಯರು ಸುಜಾತಾ, ಗೀತಾ, ಸುನೀತಾ, ಅವರ ತಾಯಂದಿರು ನೀಲವ್ವ, ಗೌರವ್ವ. ಬಿಡುವ ಹೊತ್ತಿಗೆ ಆ ಸುಜಾತಾಗಳ ಮಕ್ಕಳು ಸೃಷ್ಟಿ, ಶ್ರೇಯಾ ಆಗಿ ಬಂದರು. ಹೆಸರು ಕೇಳಿದರೆ ಅವರ ಅವ್ವ ಯಾವಾಗ ಹಡೆದಳು ಅಂತ ಹೇಳುವಷ್ಟು ಅನುಭವ ಇಟ್ಟುಕೊಂಡು, ನಾನೇ ಅರವತ್ತು ವರ್ಷ ಹಿಂದಿನ ಸೊಸೆಯನ್ನು ಸುನೀತಾ ಅಂದಿದ್ದೆ. ಆಕೆ ಗೌರವ್ವ ಆದಳು.

ಹುನಗುಂದದಲ್ಲಿ ನಮ್ಮಂಥ ಬರೆಯುವ, ಓದುವ ಹತ್ತಾರು ಮಂದಿ ತಿಂಗಳಿಗೊಮ್ಮೆ ಸೇರುತ್ತೇವೆ. ಒಬ್ಬ ಹಿರಿಯ ವಕೀಲರ ಮನೆಯ ಹಾಲಿನಲ್ಲಿ ಜಮಖಾನ ಹಾಸಿರುತ್ತಾರೆ, ಚಹಾ, ಚೂಡಾ ಇರುತ್ತದೆ. ಯಾರಾದರೂ ಒಬ್ಬರು ತಮ್ಮದನ್ನು ಓದುವುದು, ಉಳಿದವರು ಅದಕ್ಕೆ ಅನ್ನುವುದು. ಆ ಸಲ ನನ್ನ ಪಾಳಿ. ಅತ್ತಿ ‘ನಾನೂ ಬರ್ತೇನಿ’ ಅಂದರು. ಬಸ್ಸಿನಲ್ಲಿ ಅವರನ್ನು ಕಿಟಕಿಗೆ ಕೂಡಿಸಿ ಕರೆದುಕೊಂಡು ಹೋದೆ.

ನಾನು ಓದಿದ್ದು ಸಣ್ಣ ಸಂಗಪ್ಪ ಸಾಯುವ ಅಧ್ಯಾಯ. ಇದನ್ನು ಹೇಳಿಬಿಡಬೇಕು: ಅದು ಕಟ್ಟಿದ ಕಥೆಯಲ್ಲ. ಅತ್ತಿಯವರ ಚೊಚ್ಚಲ ಮಗ, ನನ್ನ ಯಜಮಾನರು ಹುಟ್ಟುವುದಕ್ಕಿಂತ ಮೊದಲಿನವನು, ಜ್ವರ ಬಂದು ತೀರಿಕೊಂಡಿದ್ದ. ಸಾಲಿಗೆ ಹೋಗುವ ಹುಡುಗ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನನಗೆ ಅಷ್ಟೇ ಗೊತ್ತಿತ್ತು. ಅವನ ವಿಷಯ ಯಾರೂ ಆಡುತ್ತಿರಲಿಲ್ಲ. ಕಾದಂಬರಿಯಲ್ಲಿ ಅವನನ್ನು ತರಲೇ ಅಂತ ಕೇಳಿದಾಗ ಅತ್ತಿ ಸುಮ್ಮನೆ ತಲೆಯಾಡಿಸಿ, ‘ಬರೀ, ಅಂವಾ ಎಲ್ಲ್ಯರೆ ಇರ್ಲಿ’ ಅಂದಿದ್ದರು. ಆ ಅಧ್ಯಾಯವೊಂದನ್ನು ಮಾತ್ರ ನಾನು ಸಂಜೆ ಓದಿ ಹೇಳಿರಲಿಲ್ಲ. ಧೈರ್ಯ ಆಗಿರಲಿಲ್ಲ. ಹುನಗುಂದದಲ್ಲಿಯೇ ಅವರು ಅದನ್ನು ಮೊದಲ ಸಲ ಕೇಳಿದ್ದು.

ಓದಿ ಮುಗಿಸಿದೆ. ಒಳಗೊಳಗೇ ಹೆಮ್ಮೆ ಇತ್ತು. ಆಗ ವಕೀಲರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಅಂದರು: ‘ಬರದೀರಿ ಭಾಳ ಛಲೋ, ಟೀಚರ್. ಆದ್ರ ತುಂಬು ಜೀವನ ಮಾಡಿ ಹೋದ ಮುದುಕಗ ಆ ಸೊಸಿ ಅಷ್ಟು ಗೋಳಾಡಿ ಅಳೋದು ಸ್ವಲ್ಪ ಜಾಸ್ತಿ ಆತೇನೋ.’

‘ಮುದುಕ ಎಲ್ಲಿ ಸತ್ತ್ರಿ? ಸತ್ತಾಂವ ಸಂಗಣ್ಣ ಅಲ್ಲೇನು?’ ಅಂತ ಇನ್ನೊಬ್ಬರು.

‘ಸಂಗಣ್ಣ ಹೊಲಕ್ಕ ಹೋಗ್ಯಾನಲ್ರಿ.’

‘ಹಂಗಾದ್ರ ಸತ್ತಾಂವ ಯಾರು?’

ಅವರು ಚೇಷ್ಟೆ ಮಾಡುತ್ತಿರಲಿಲ್ಲ. ನಿಜವಾಗಿಯೂ ಗೊತ್ತಾಗಿರಲಿಲ್ಲ. ನಾನು ‘ಸಣ್ಣ’ ಅನ್ನುವ ಮಾತನ್ನು ಪುಟದ ಮೊದಲಲ್ಲಿ ಒಮ್ಮೆ ಹಾಕಿ, ಆಮೇಲೆ ಬರೇ ಸಂಗಪ್ಪ, ಸಂಗಪ್ಪ ಅಂತ ಬರೆದುಕೊಂಡು ಹೋಗಿದ್ದೆ. ನನ್ನ ಕಣ್ಣಿಗೆ ಹುಡುಗ ಕಾಣುತ್ತಿದ್ದ, ಅವರ ಕಿವಿಗೆ ಅಜ್ಜ ಬೀಳುತ್ತಿದ್ದ. ಸಿಟ್ಟು ನೆತ್ತಿಗೇರಿತು. ‘ಲಕ್ಷ್ಯ ಕೊಟ್ಟು ಕೇಳಿದ್ರ ತಿಳೀತಿತ್ತು’ ಅನ್ನುವವಳಿದ್ದೆ. ಅಷ್ಟರಲ್ಲಿ ಗೋಡೆಗೆ ಆತು ಕೂತಿದ್ದ ಅತ್ತಿಯವರ ಕಡೆ ನೋಡಿದೆ. ಅವರು ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ನಾನು ಹಾಳೆಗಳನ್ನು ಚೀಲಕ್ಕೆ ತುರುಕಿ ಅವರ ಹತ್ತಿರ ಹೋಗಿ ಕೂತೆ.

ಬಾಗಲಕೋಟೆಯ ಬಸ್ಸು ಹತ್ತಿದೆವು. ಆಮೇಲೆ ಅತ್ತಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು.

ನಮ್ಮ ಮನೆಯಲ್ಲೂ ಮನೆದೇವರ ಹೆಸರೇ ನಡೆದುಬಂದದ್ದು. ಅತ್ತಿಯವರ ಮಾವನವರಿಗೂ ಅದೇ, ಆ ಹುಡುಗನಿಗೂ ಅದೇ. ಆ ಹೆಸರು ಇಲ್ಲಿ ಬೇಡ. ಹುಡುಗ ಹೋದ ದಿನ, ಇಂಥವರ ಮನೆಯಲ್ಲಿ ಇಂಥವರು ತೀರಿಕೊಂಡರಂತೆ ಅಂತ ಊರಿಗೂ ಶಿರೂರಿನ ಕಡೆಯ ಬಳಗಕ್ಕೂ ಸುದ್ದಿ ಹೋಯಿತು. ಎಲ್ಲರೂ ಹಿರಿಯರೇ ಹೋದರು ಅಂತ ತಿಳಿದರು. ಸತ್ತವರ ಮನೆಗೆ ಬಂದು ಎರಡು ಮಾತು ಆಡಿ, ದುಃಖ ಹಂಚಿಕೊಂಡು ಹೋಗುವುದಕ್ಕೆ ನಮ್ಮಲ್ಲಿ ಮಾತಾಡಿಸಲಿಕ್ಕೆ ಬರುವುದು ಅಂತಾರೆ. ಹಾಗೆ ಬಂದವರು ಬಾಗಿಲಲ್ಲೇ, ‘ತುಂಬಿದ ಜೀವ, ಮೊಮ್ಮಕ್ಕಳನ್ನ ಕಂಡು ಹೋದ್ರು, ಅಳಬಾರ್ದು’ ಅನ್ನುತ್ತಾ ಬಂದರು. ಒಳಗೆ ಬಂದರೆ ಹಿರಿಯರು ಕಟ್ಟೆಯ ಮೇಲೆ ಕೂತೇ ಇದ್ದಾರೆ.

‘ಒಬ್ಬಾಕಿ ಹಿರ್‍ಯಾಕಿ ನಮ್ಮ ಮಾವಾರ್ನ ನೋಡಿದಾಕಿನs, ಸದ್ಯ, ನೀವಲ್ಲಲ್ಲ, ದೇವ್ರು ದೊಡ್ಡಾಂವ ಅಂದ್ಳು. ಒಳಗ ನಾ ಕೂತೇನಿ. ನನ್ನ ಕೂಸು ಹೋಗೇತಿ. ಆಕಿದೂ ತಪ್ಪಲ್ಲ ಬಿಡು, ಹಿರ್‍ಯಾರು ಇದ್ದದ್ದು ಕಂಡು ಆಕಿಗೆ ಖುಷಿ ಆತು. ಬಂದವ್ರೆಲ್ಲಾ ಅವ್ರ ಕೈ ಹಿಡದು ಮಾತಾಡಿದ್ರು. ನನ್ನ ಮಾತಾಡ್ಸಿದವ್ರು ಯಾರೂ ಇಲ್ಲ.’

ಮಾವನವರು ಅವತ್ತಿನಿಂದ ಕಟ್ಟೆಯ ಮೇಲೆ ಕೂಡುವುದನ್ನೇ ಬಿಟ್ಟರಂತೆ. ತಾನು ಬದುಕಿದ್ದಕ್ಕೆ ನಾಚಿಕೊಂಡ ಹಾಗೆ ಹಿತ್ತಲಲ್ಲಿ ಕೂಡುತ್ತಿದ್ದರಂತೆ. ‘ಭಾಳ ಒಳ್ಳ್ಯಾರು ಇದ್ರು’ ಅಂದರು ಅತ್ತಿ. ಆಮೇಲೆ, ‘ಇವತ್ತ ಆ ವಕೀಲಪ್ಪ ಅಂದದ್ದು ಕೇಳಿ ಮತ್ತ ಅವತ್ತಿನಂಗs ಒಳಗ ಕೂತಂಗಾತು. ನಿನ್ನ ಪುಸ್ತಕದಾಗರೆ ನನ್ನ ಮಗನ್ನ ಮುದುಕ ಮಾಡಬ್ಯಾಡ ಯವ್ವಾ. ಅಂವಾ ಅಂವಾ ಅಂತ ಮಂದಿಗೆ ತಿಳೀಬೇಕು.’

ಬಸ್ಸಿನಲ್ಲಿ ನಾನು ಅತ್ತುಬಿಟ್ಟೆ. ನಾಚಿಕೆಯೇನೂ ಆಗಲಿಲ್ಲ. ಮನೆಗೆ ಬಂದು ಮೊದಲು ಯಜಮಾನರಿಗೆ, ‘ನೀವು ಹೇಳಿದ್ದು ಖರೆ ಇತ್ತು’ ಅಂದೆ. ಅವರು ಪೇಪರ್ ಇಳಿಸಿ ನನ್ನ ಹಣೆ ಮುಟ್ಟಿ ನೋಡಿದರು, ಜ್ವರ ಬಂದಿದೆಯೇನೋ ಅಂತ.

ಮರುದಿನದಿಂದ ಹೆಸರಿನ ಕೆಲಸ ಶುರುವಾಯಿತು. ನಾನು ಮೇಜಿನ ಹತ್ತಿರ, ಅತ್ತಿ ಮಂಚದ ಮೇಲೆ ಮೆಂತೆಪಲ್ಯೆ ಸೋಸುತ್ತಾ. ಒಂದೊಂದು ಹೆಸರನ್ನೂ ಗಟ್ಟಿಯಾಗಿ ಕೂಗಿ ನೋಡುವುದು. ಬರೆದಾಗ ಬೇರೆ ಬೇರೆ ಕಾಣುವ ಹೆಸರು ಕೂಗಿದಾಗ ಒಂದೇ ಆಗುತ್ತದೆ ಅಂತ ಆಗ ತಿಳಿಯಿತು. ಸಂಗವ್ವನನ್ನು ತೆಗೆದು ಶಂಕ್ರವ್ವ ಅಂತ ಹಾಕಿದೆ. ಹಾಳೆಯ ಮೇಲೆ ಸ ಬೇರೆ, ಶ ಬೇರೆ. ನಮ್ಮ ಬಾಯಲ್ಲಿ ಎರಡೂ ಒಂದೇ. ‘ಮತ್ತ ಸಂಗವ್ವನs ಬಂದ್ಲಲ್ಲ’ ಅಂದರು ಅತ್ತಿ. ಬನವ್ವ ಅಂದೆ. ಅದು ಕಥೆಯಲ್ಲಿ ಪಕ್ಕದ ಮನೆಯವಳಾದ ಬಸವ್ವನ ಜೋಡಿ ಕಲಸಿಹೋಯಿತು. ನಮ್ಮ ಹೆಸರುಗಳ ಬಾಲವೆಲ್ಲ ಒಂದೇ, ಗಂಡಸಾದರೆ ಪ್ಪ, ಹೆಂಗಸಾದರೆ ವ್ವ. ಅದಕ್ಕೇ ತಲೆ ಬೇರೆ ಇರಲೇಬೇಕು. ತಲೆಯೂ ಒಂದೇ ಆದರೆ ಓದುವವನು ಎಲ್ಲಿ ಹಿಡಿಯಬೇಕು? ಒಂದೇ ಪಡಸಾಲೆಯಲ್ಲಿ ಕೂತು ಮಾತಾಡುವವರ ಹೆಸರು ಮೊದಲ ಅಕ್ಷರದಲ್ಲೂ ಉದ್ದದಲ್ಲೂ ಬೇರೆ ಮಾಡಿದೆ. ಒಬ್ಬರನ್ನೊಬ್ಬರು ಕಾಣದೇ ಹೋಗುವವರು ಸ್ವಲ್ಪ ಹತ್ತಿರ ಇದ್ದರೂ ನಡೆದೀತು ಅಂತ ಬಿಟ್ಟೆ.

ಹಂಗಂತ ಬಾಯಿಗೆ ಬಂದ ಹೆಸರು ಇಡಲಿಕ್ಕೂ ಬರುವುದಿಲ್ಲ. ಕಥೆಯಲ್ಲಿ ಇಳಕಲ್ಲಿನಿಂದ ಸೀರೆ ಹೊತ್ತು ಬರುವ ಒಬ್ಬ ನೇಕಾರ ಇದ್ದ, ಅವನಿಗೆ ರಮೇಶ ಅಂತ ಇಟ್ಟಿದ್ದೆ. ಯಾಕೆಂದರೆ ರ ಅಕ್ಷರ ಖಾಲಿ ಇತ್ತು! ಇಳಕಲ್ಲಿನಲ್ಲಿ ನನ್ನ ಒಬ್ಬ ಗೆಳತಿ ಇದ್ದಾಳೆ, ಮಗ್ಗದ ಮನೆಯಲ್ಲೇ ಹುಟ್ಟಿ ಬೆಳೆದಾಕೆ. ಫೋನಿನಲ್ಲಿ ಕೇಳಿದರೆ ಬಿದ್ದು ಬಿದ್ದು ನಕ್ಕಳು. ‘ಯಾವ ಸಮಾಜದಾಂವ ಅಂತ ಮೊದ್ಲು ಹೇಳs. ನಮ್ಮ ಪೈಕಿ ಆದ್ರ ವಿಠ್ಠಲಸಾ ಅನ್ನು, ನಾರಾಯಣಸಾ ಅನ್ನು. ಆ ಸಾ ಹತ್ತಿತಂದ್ರ ಮುಂದ ನೀ ಏನೂ ವಿವರ ಬರಿಯೂದು ಬ್ಯಾಡ, ಅಂವಾ ನಮ್ಮ ನೇಕಾರ ಸಮಾಜದಾಂವ ಅಂತ ಇಡೀ ಜಿಲ್ಲಾಕ್ಕ ತಿಳೀತೈತಿ.’ ವಿಠ್ಠಲಸಾ ಅಂತ ಬರೆದೆ. ಆ ಮನುಷ್ಯ ಅವತ್ತೇ ಗಂಟು ಬಿಚ್ಚಿ, ಸೀರೆಯ ಸೆರಗು ಹರವಿ ಮಾತಾಡತೊಡಗಿದ. ಅಲ್ಲಿಯವರೆಗೆ ರಮೇಶ ಬರೇ ಗಂಟು ಹೊತ್ತು ಬಾಗಿಲಲ್ಲಿ ನಿಂತಿದ್ದ.

ಸಂಗಣ್ಣ ಫಕೀರಪ್ಪ ಆದ. ನಮ್ಮ ಕಡೆ ದರ್ಗಾಕ್ಕೆ ಬೇಡಿಕೊಂಡು ಹುಟ್ಟಿದ ಕೂಸಿಗೆ ಯಾವ ಜಾತಿಯವರಾದರೂ ಫಕೀರಪ್ಪ ಅಂತ ಇಡುತ್ತಾರೆ. ಬೇರೆ ಕಡೆಯ ಓದುಗರು ತಪ್ಪು ತಿಳಿದಾರು ಅಂತ, ಅವನ ತಾಯಿ ಹರಕೆ ಹೊತ್ತದ್ದನ್ನು ಒಂದು ಸಾಲಿನಲ್ಲಿ ಸೇರಿಸಿದೆ. ಕಡೆಗೆ ಆ ಒಂದು ಸಾಲು ಬೆಳೆದು ಎರಡು ಪುಟ ಆಯಿತು.

ಜಗಳಗಂಟಿ ಸಂಗವ್ವನಿಗೆ ಹೆಸರು ಹುಡುಕುವಾಗ ಮನೆಯಲ್ಲೇ ಜಗಳ. ನಾನು ಗಡಸು ಕೇಳಿಸುವ ಹೆಸರು ಬೇಕು ಅಂತ ದುರಗವ್ವ, ಚೌಡವ್ವ ಅಂತ ನೋಡುತ್ತಿದ್ದೆ. ಅತ್ತಿ ಶಾಂತವ್ವ ಇಡು ಅಂದರು.

‘ಬಾಯಿ ಮಾಡಾಕಿಗೆ ಶಾಂತವ್ವ ಅಂದ್ರ ಓದೋರು ನಗ್ತಾರ, ಅತ್ತಿ.’

‘ನಗ್ಲಿ. ಹೆಸರು ಇಡೋದು ತೊಟ್ಲದಾಗ. ಅಷ್ಟೊತ್ತಿಗೆ ಆಕಿ ಸಿಟ್ಟಿನಾಕಿ ಅಂತ ಯಾರಿಗೆ ಗೊತ್ತಿರ್ತೈತಿ? ನಾ ನೋಡಿದ ಶಾಂತವ್ವಗಳು ಎಲ್ಲಾ ಕೊಳ್ಳಿನs. ಸಿಡುಕ ಶಾಂತವ್ವ ಅಂತ ಓಣ್ಯಾಗ ಕರಿಯೂದಿಲ್ಲೇನು?’

ಅದೂ ಖರೆ. ಹೆಸರು ತಾಯಿತಂದೆಯ ಆಸೆ. ಸ್ವಭಾವ ಓಣಿಯವರು ಆಮೇಲೆ ಹಚ್ಚುವ ಬಾಲಂಗೋಚಿ. ಆ ಬಾಲಂಗೋಚಿ ಹತ್ತಿದ್ದರಿಂದ ಆಕೆ ಸಂಗಪ್ಪನ ಜೋಡಿ ಕಲಸಿಹೋಗುವ ಭಯವೂ ಇಲ್ಲ. ಸಿಡುಕ ಶಾಂತವ್ವ ಅಂತ ಒಮ್ಮೆ ಬರೆದದ್ದೇ ತಡ, ಆಕೆಯ ಸಿಟ್ಟನ್ನು ವರ್ಣಿಸಿ ಬರೆದಿದ್ದ ಅರ್ಧ ಪುಟ ಹೊಡೆದುಹಾಕಿದೆ. ಯಜಮಾನರು ಒಳಗಿನಿಂದ, ‘ಮಾಸ್ತರಬಾಯಿ ಕಡಿಂದ ಅರ್ಧ ಪುಟ ಹೊಡ್ಸಿದಿ, ಅವ್ವಾ, ದೊಡ್ಡ ಕೆಲಸ ಮಾಡಿದಿ’ ಅಂದರು. ಅವತ್ತಿನ ಪಲ್ಯಕ್ಕೆ ಖಾರ ಸ್ವಲ್ಪ ಹೆಚ್ಚಾಯಿತು.

ಎಲ್ಲರೂ ಸರಿಹೋದರು, ಹುಡುಗನ ಹೆಸರು ಮಾತ್ರ ಕೂಡಿಬರಲಿಲ್ಲ. ಅಜ್ಜ ಸಂಗಪ್ಪನೇ ಇರಬೇಕು, ಆ ಕಾಲಕ್ಕೆ, ಆ ಮನೆತನಕ್ಕೆ ಅದೇ ಸರಿ. ಮೊಮ್ಮಗನಿಗೂ ಅದೇ ಹೆಸರು ಇಡದಿದ್ದರೆ ಸುಳ್ಳಾಗುತ್ತದೆ, ಮನೆದೇವರ ಹೆಸರು ಬಿಟ್ಟು ಚೊಚ್ಚಲ ಗಂಡಿಗೆ ಬೇರೆ ಹೆಸರು ಆ ಮನೆಯಲ್ಲಿ ಯಾರು ಇಡುತ್ತಿದ್ದರು? ಅದೇ ಹೆಸರು ಇಟ್ಟರೆ ಹುಡುಗ ಮತ್ತೆ ಅಜ್ಜನೊಳಗೆ ಕಳೆದುಹೋಗುತ್ತಾನೆ. ಸಂಗಮೇಶ ಅಂತ ನೋಡಿದೆ. ಮತ್ತೆ ಸಂ. ಸಣ್ಣಪ್ಪ ಅಂದರೂ ಮತ್ತೆ ಅದೇ ಸ, ಅದೇ ಪ್ಪ. ನಾಲ್ಕಾರು ದಿನ ಬೇರೆ ಏನೂ ಬರೆಯಲಾಗಲಿಲ್ಲ. ಸಿಟ್ಟು ಬಂದು ಆ ಅಧ್ಯಾಯವನ್ನೇ ಕಿತ್ತುಹಾಕಲೇ ಅನ್ನಿಸಿತು. ಆದರೆ ಬಸ್ಸಿನಲ್ಲಿ ಅತ್ತಿ ಅಂದದ್ದು ಕಿವಿಯಲ್ಲಿ ಇತ್ತು.

ಒಂದು ದಿನ ಮಧ್ಯಾಹ್ನ, ಉಂಡು ಕೂತಾಗ, ಹೊಳೆಯಿತು. ಇಷ್ಟು ವರ್ಷ ಈ ಮನೆಯಲ್ಲಿದ್ದು ಅದನ್ನು ಕೇಳಿರಲೇ ಇಲ್ಲ.

‘ಅತ್ತಿ, ಮಾವಾರ ಹೆಸರು ಸೊಸಿ ಹೇಳಬಾರ್ದು. ಮಗಂದೂ ಅದs ಹೆಸರು. ಮತ್ತ ನೀವು ಅವನ್ನ ಏನಂತ ಕರೀತಿದ್ರಿ?’

ಅತ್ತಿ ಬಾಯಲ್ಲಿದ್ದ ಅಡಕೆ ಒಂದು ಕಡೆ ಸರಿಸಿಕೊಂಡರು.

‘ಏನ್ ಕರೀಲೀ? ತಮ್ಮಾ ಅಂತಿದ್ದೆ. ಬಾರೋ, ಹೋಗೋ ಅಂತಿದ್ದೆ. ಓಣ್ಯಾಗ ಆಡಾಕ ಹೋಗಿದ್ರ ಬಾಗಲದಾಗ ನಿಂತು ಬಳಿ ಸಪ್ಪಳ ಮಾಡ್ತಿದ್ದೆ, ಓಡಿ ಬರ್ತಿದ್ದ. ಗಂಡನ ಹೆಸರು ಹೇಳಾಕ ಒಡಪರೆ ಇತ್ತು, ನಾಕ್ ಮಂದಿ ಹೆಂಗಸ್ರು ಕೂಡಿದಾಗ ಹಾಡಿನಂಗ ಕಟ್ಟಿ ಹೇಳಿಬಿಡ್ತಿದ್ವಿ. ಮಗನ ಹೆಸರಿಗೆ ಒಡಪು ಎಲ್ಲೈತಿ? ಮನಿದೇವ್ರಿಗೆ ಕೈ ಮುಗಿಯೋ ಮುಂದೂ ಬರೇ ದೇವ್ರs ಅಂತಿದ್ದೆ.’

‘ಜ್ವರ ಬಂದಾಗ?’

‘ಆವಾಗೂ ತಮ್ಮಾ, ತಮ್ಮಾ ಅಂದೆ.’

ನಾನು ಎದ್ದು ಅವರ ಮಂಚದ ಅಂಚಿಗೆ ಕೂತೆ. ನಮ್ಮ ಮನೆಗಳಲ್ಲಿ ಇಂಥ ಸೊಸೆಯರು ಮಗುವಿಗೆ ಬೇರೊಂದು ಕರೆಯುವ ಹೆಸರು ಇಟ್ಟುಕೊಳ್ಳುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೆ. ಸಾಲೆಯಲ್ಲಿ ಒಂದು ಹೆಸರು, ತಾಯಿಯ ಬಾಯಲ್ಲಿ ಒಂದು. ಕಾದಂಬರಿಯ ಗೌರವ್ವನೂ ಮಗನಿಗೆ ಹಾಗೆ ಒಂದು ಹೆಸರು ಇಟ್ಟುಕೊಳ್ಳಬಹುದಲ್ಲ? ತೊಟ್ಟಿಲಲ್ಲಿ ಸಂಗಪ್ಪ ಅಂತಲೇ ಇಡಲಿ, ರೂಢಿ ಮುರಿಯುವುದು ಬೇಡ. ಆದರೆ ಕಥೆ ಹೇಳುವ ನಾನು ಅವನನ್ನು ತಾಯಿ ಕರೆದ ಹೆಸರಿನಿಂದಲೇ ಉದ್ದಕ್ಕೂ ಕರೆಯುತ್ತೇನೆ. ಅಜ್ಜನನ್ನು ಸೊಸೆ ಹೇಗೆ ಕರೆಯುತ್ತಿದ್ದಳೋ ಹಾಗೆ, ಮಾವಾರು ಅಂತಲೇ ಕರೆಯುತ್ತೇನೆ. ಇದನ್ನು ಅತ್ತಿಗೆ ಬಿಡಿಸಿ ಹೇಳಿದೆ. ‘ಆ ಹೆಸರು ನೀವs ಇಡ್ರಿ’ ಅಂದೆ.

‘ನಾ ಏನ್ ಇಡ್ಲಿ, ಹುಚ್ಚಿ. ತಾಯಿ ಎಲ್ಲ್ಯರೆ ಹೆಸರಿಡ್ತಾಳೇನು? ಸೋದರತ್ತಿ ಇಡಬೇಕು.’

‘ಕಥ್ಯಾಗ ನಡೀತೈತಿ.’

ಅವರು ಭಾಳ ಹೊತ್ತು ಸೆರಗಿನ ಅಂಚು ತಿರುವುತ್ತಾ ಕೂತರು. ಇಲ್ಲ ಅಂತಾರೆ ಅಂದುಕೊಂಡೆ. ಆಮೇಲೆ ಕೈಯಿಂದ ನನ್ನ ಮುಖ ತಡವಿ, ಕಿವಿ ಹುಡುಕಿ, ಹತ್ತಿರ ಎಳೆದುಕೊಂಡರು. ತೊಟ್ಟಿಲಲ್ಲಿ ಕೂಸು ಹಾಕಿ ಹೆಸರಿಡುವಾಗ ಮಾಡುವ ಹಾಗೆಯೇ ಕಿವಿಯಲ್ಲಿ ಕುರ್ರ್ ಅಂದರು. ಅಡಕೆಯ ವಾಸನೆ, ಬಿಸಿ ಉಸಿರು.

‘ಚಂದ್ರಶೇಖರ.’

ಅಷ್ಟು ಸರಾಗವಾಗಿ ಅಂದರು, ಅದು ಅವರು ಈಗ ಹುಡುಕಿದ ಹೆಸರಲ್ಲ ಅಂತ ಗೊತ್ತಾಯಿತು. ಹೆಸರಿಡುವಾಕೆಯ ಬೆನ್ನಿಗೆ ಸುತ್ತಲಿನ ಹೆಂಗಸರು ಗುದ್ದಬೇಕು, ಅದೂ ಪದ್ಧತಿ. ಬೇರೆ ಯಾರೂ ಇರಲಿಲ್ಲ. ನಾನೇ ಅವರ ಬೆನ್ನಿಗೆ ಮೆಲ್ಲಗೆ ಗುದ್ದಿದೆ. ಇಬ್ಬರೂ ನಕ್ಕೆವು, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

‘ಯಾರ ಹೆಸರು ಅತ್ತಿ, ತವರುಮನಿ ಕಡೀದೇನು?’

‘ಯಾರದೂ ಅಲ್ಲ. ಎರಡೂ ಮನ್ಯಾಗ ಯಾರಿಗೂ ಇಲ್ಲ. ಬಸುರಿದ್ದಾಗ ಯಾರೋ ಓಣ್ಯಾಗ ತಮ್ಮ ಮಗನ್ನ ಹಂಗ ಕೂಗಿದ್ದು ಕೇಳಿದ್ದೆ. ಹೆಸರು ಅಂದ್ರ ಇಷ್ಟುದ್ದ ಇರ್ಬೇಕು, ಬಾಗಲದಾಗ ನಿಂತು ಕೂಗಿದ್ರ ಓಣಿ ತುದೀತನ ಮುಟ್ಟಬೇಕು ಅನ್ನಿಸಿತ್ತು.’

ನಾನು ಮಾಸ್ತರ ಬುದ್ಧಿ ಬಿಡಲಿಲ್ಲ, ಒಳಗೊಳಗೇ ಒರೆಗೆ ಹಚ್ಚಿ ನೋಡಿದೆ. ಆ ಕಾಲಕ್ಕೆ ಹೊಸದು, ಆದರೆ ಇಲ್ಲದ್ದಲ್ಲ. ಶಿವನ ಹೆಸರು, ಆ ಮನೆತನಕ್ಕೂ ಒಪ್ಪುತ್ತದೆ. ಕೊನೆಯಲ್ಲಿ ಪ್ಪ ಇಲ್ಲ. ಚ ಅಕ್ಷರದಲ್ಲಿ ಬೇರೆ ಯಾರೂ ಇಲ್ಲ. ಇಡೀ ಪುಸ್ತಕದಲ್ಲಿ ಅದರ ಹತ್ತಿರ ಬರುವ ಇನ್ನೊಂದು ಹೆಸರು ಇರಲಿಲ್ಲ. ಕಲಿತ ನಾನು ನಾಲ್ಕಾರು ದಿನ ತಡಕಾಡಿದ್ದನ್ನು ಒಬ್ಬ ತಾಯಿ ಅಷ್ಟು ವರ್ಷದಿಂದ ಬಾಯೊಳಗೆ ಇಟ್ಟುಕೊಂಡು ಕೂತಿದ್ದಳು. ಅವತ್ತೇ ಅಧ್ಯಾಯ ಮೊದಲಿನಿಂದ ಬರೆಯಲಿಕ್ಕೆ ಹತ್ತಿದೆ.

ಹೆಸರು ಬಂದ ಮೇಲೆ ಹುಡುಗನೂ ಬದಲಾದ. ಮೊದಲು ಅವನು ಬರೇ ಜ್ವರ ಬಂದು ಮಲಗುವ ಹುಡುಗನಾಗಿದ್ದ. ಈಗ ಗೌರವ್ವ ಬಾಗಿಲಲ್ಲಿ ನಿಂತು ಆ ಉದ್ದನ್ನ ಹೆಸರು ಕೂಗುತ್ತಾಳೆ, ಅವನು ಅಂಗಿ ತುಂಬ ಮಣ್ಣು ಮಾಡಿಕೊಂಡು ಓಡಿ ಬರುತ್ತಾನೆ. ಅತ್ತಿ ಸಂಜೆಗಳಲ್ಲಿ ಆ ಭಾಗವನ್ನೇ ಮತ್ತೆ ಮತ್ತೆ ಓದಿಸಿದರು. ‘ಕೂಗಿದ್ದು ಇನ್ನೊಮ್ಮೆ ಓದು’ ಅನ್ನುತ್ತಿದ್ದರು. ನನಗೂ ಓದಲಿಕ್ಕೆ ಬೇಸರ ಬರಲಿಲ್ಲ.

ಮಳೆಗಾಲ ಕಳೆದ ಮೇಲೆ ಹುನಗುಂದದಲ್ಲಿ ಮತ್ತೆ ನನ್ನ ಪಾಳಿ ಬಂತು. ‘ಅದನ್ನs ಓದು’ ಅಂದರು ಅತ್ತಿ. ‘ನಾನೂ ಬರ್ತೇನಿ.’ ನನಗೆ ಹೆದರಿಕೆ. ಮತ್ತೆ ಯಾರಾದರೂ ಏನಾದರೂ ಅಂದರೆ ಈ ಸಲ ನಾನು ಜಗಳ ಮಾಡಿಬಿಡುತ್ತೇನೆ ಅಂತ ಯಜಮಾನರಿಗೆ ಹೇಳಿಯೇ ಹೊರಟೆ. ಅವರು, ‘ಮಾಡು, ಆದ್ರ ಚಹಾ ಕುಡದ ಮ್ಯಾಲೆ ಮಾಡು’ ಅಂದರು.

ಅದೇ ಜಮಖಾನ, ಅದೇ ಮಂದಿ. ಓದಿದೆ. ಚಂದ್ರಶೇಖರ ಅಂತ ಗೌರವ್ವ ಕೂಗುವಲ್ಲಿ ನನ್ನ ದನಿ ಗಟ್ಟಿಯಾಯಿತು, ಕಡೆಗೆ ಆಕೆ ಅದನ್ನೇ ಹಾಸಿಗೆಯ ಹತ್ತಿರ ಬಾಗಿ ಮೆಲ್ಲಗೆ ಅನ್ನುವಲ್ಲಿ ನಾನೂ ಪಿಸುಗುಟ್ಟಿದ ಹಾಗೆ ಓದಿದೆ. ಮುಗಿದ ಮೇಲೆ ಯಾರೂ ಯಾರು ಸತ್ತರು ಅಂತ ಕೇಳಲಿಲ್ಲ. ವಕೀಲರು ಎದ್ದು ಒಳಗೆ ಹೋದರು, ಬಂದಾಗ ಮುಖ ತೊಳೆದುಕೊಂಡಿದ್ದರು.

ಚಹಾ ಬಂತು. ನಮ್ಮಲ್ಲಿ ಕವಿತೆ ಬರೆಯುವ ಒಬ್ಬ ಹೆಂಗಸು, ನನ್ನ ಮಗಳ ವಾರಗಿಯಾಕೆ, ಎದ್ದು ಅತ್ತಿಯವರ ಹತ್ತಿರ ಹೋಗಿ ಮೊಣಕಾಲೂರಿ ಕೂತಳು. ನಾನು ಯಾರಿಗೂ ಏನೂ ಹೇಳಿರಲಿಲ್ಲ. ಅತ್ತಿಯವರ ಮುಖ ನೋಡಿಯೇ ಆಕೆಗೆ ತಿಳಿದಿರಬೇಕು. ಅವರ ಎರಡೂ ಕೈ ಹಿಡಿದುಕೊಂಡು ಕೇಳಿದಳು:

‘ಚಂದ್ರಶೇಖರ ಎಷ್ಟು ದೊಡ್ಡಾಂವ ಇದ್ನ್ರಿ, ಅಮ್ಮಾರ?’

‘ಎಂಟು ತುಂಬಿದ್ವು’ ಅಂದರು ಅತ್ತಿ. ‘ಕೆಂಪನ್ನ ಹುಡುಗ. ಭಾಳ ಓಡ್ತಿದ್ದ.’

ಆಕೆ ಹೂಂಗುಟ್ಟಿದಳು. ಅತ್ತಿ ಹೇಳುತ್ತಾ ಹೋದರು. ಅವನಿಗೆ ಸಜ್ಜಿರೊಟ್ಟಿ ಸೇರುತ್ತಿರಲಿಲ್ಲ, ಸಾಲೆಯ ಪಾಟಿ ಒಡೆದು ಬಂದು ಅಜ್ಜನ ಬೆನ್ನ ಹಿಂದೆ ಅಡಗುತ್ತಿದ್ದ, ಹಲ್ಲು ಬಿದ್ದಾಗ ಅದನ್ನು ಹೆಂಚಿನ ಮೇಲೆ ಎಸೆಯಲಿಕ್ಕೆ ಬಿಡದೆ ಕಿಸೆಯಲ್ಲಿ ಇಟ್ಟುಕೊಂಡು ತಿರುಗಿದ. ನಾನು ಒಂದು ಮಾತೂ ಕೇಳಿರದ ಸಂಗತಿಗಳು. ಇನ್ನಿಬ್ಬರು ಹೆಂಗಸರು ಬಂದು ಕೂತರು. ಚಹಾ ಆರಿಹೋಯಿತು. ನಾನು ದೂರ ಗೋಡೆಗೆ ಆತು ನಿಂತೆ. ನಡುವೆ ಹೋಗುವ ಮನಸ್ಸಾಗಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವರನ್ನು ಕಿಟಕಿಗೆ ಕೂಡಿಸಿದೆ. ಬಸ್ಸು ಊರು ದಾಟಿತು. ಆಮೇಲೆ ನನ್ನ ಕೈ ಹುಡುಕಿ ಹಿಡಿದುಕೊಂಡರು.

‘ಇವತ್ತ ನನ್ನ ಮಾತಾಡ್ಸಾಕ ಬಂದಿದ್ರು ನೋಡು’ ಅಂದರು.